ಸಾಲಿನಲ್ಲಿ ಐದನೆಯದು

“ಸರ್, ನಮ್ಮ ಕೋರ್ಸಲ್ಲಿ ಫೈನಲ್ ಮಾರ್ಕ್ಸ್ ಅಂದ್ರೆ ಅಸೈನ್‌ಮೆಂಟ್‌ಗಳ ಮೀಡಿಯನ್ ಅಂತೆ. ಒಂಬತ್ತರಲ್ಲಿ ಆರು ಮುಗೀತು. 82, 55, 74, 68, 91 ಬಂದಿದೆ, ಒಂದು ಕೊಟ್ಟೇ ಇಲ್ಲ. 70 ಆಗ್ಬೇಕು ಅಂದ್ರೆ ಉಳಿದ ಮೂರರಲ್ಲಿ ಆವರೇಜ್ ಎಷ್ಟು ತೆಗೀಬೇಕು?”

ಆವರೇಜ್ ಎಷ್ಟಾದರೂ ಇರಲಿ. ಮೂರರಲ್ಲಿ ಎರಡು 70 ಮುಟ್ಟಲಿ, ಸಾಕು. ಮೂರನೆಯದರಲ್ಲಿ ಸೊನ್ನೆ ಬಂದರೂ ನಿಮಗೆ 70.

ಇದನ್ನು ಹೇಳಿದ ಮೇಲೂ “ಅಲ್ಲ ಸರ್, ಒಟ್ಟು ಎಷ್ಟು ಬೇಕು” ಅಂತ ಮತ್ತೆ ಕೇಳುವವರಿಗಾಗಿ ಈ ಬರಹ. ಹತ್ತನೇ ತರಗತಿಯಲ್ಲಿ ಸರಾಸರಿ, ಮಧ್ಯಾಂಕ ಎರಡನ್ನೂ ಒಂದೇ ಪಾಠದಲ್ಲಿ ಕಲಿಸುತ್ತಾರೆ. ನೆನಪಲ್ಲಿ ಉಳಿಯುವುದು ಮೊದಲನೆಯದು ಮಾತ್ರ. ಆಮೇಲೆ ಜೀವನಪೂರ್ತಿ ಕೂಡಿಸಿ ಭಾಗಿಸುವುದೇ ಕೆಲಸ. ಸರಾಸರಿಯ ನಿಯಮ ಇದ್ದಿದ್ದರೆ ನಿಮಗೆ ಒಟ್ಟು 630 ಬೇಕಿತ್ತು. ಈಗಿರುವುದು 370. ಅಂದರೆ ಉಳಿದ ಮೂರರಲ್ಲೂ 87ರ ಆಸುಪಾಸು ಬರಬೇಕಿತ್ತು. ಮೀಡಿಯನ್ ಹಾಗೆ ಕೂಡಿಸುವುದೇ ಇಲ್ಲ. ಒಂಬತ್ತು ಅಂಕಗಳನ್ನು ಪ್ರಾರ್ಥನೆಯ ಸಾಲಿನ ಹಾಗೆ ಕುಳ್ಳನಿಂದ ಎತ್ತರದವನವರೆಗೆ ನಿಲ್ಲಿಸಿ ಐದನೆಯವನ ಎತ್ತರ ಅಳೆಯುತ್ತದೆ. ಕೊನೆಯಲ್ಲಿ ನಿಂತವನು ಎಷ್ಟು ಉದ್ದ ಅನ್ನುವುದು ಅದಕ್ಕೆ ಬೇಡ.

ನಂಬಿಕೆ ಬಾರದಿದ್ದರೆ ಕಾಗದದ ಮೇಲೆ ಬರೆದು ನೋಡಿ. ಉಳಿದ ಮೂರರಲ್ಲಿ 100, 69, 69 ಬಂತು ಅಂದುಕೊಳ್ಳಿ, ಸರಾಸರಿ 79. ಸಾಲು ಹೀಗಾಗುತ್ತದೆ: 0, 55, 68, 69, 69, 74, 82, 91, 100. ಐದನೆಯದು 69, ನೀವು ತಪ್ಪಿದಿರಿ. ಈಗ 70, 70, 0 ಬಂತು ಅಂದುಕೊಳ್ಳಿ, ಸರಾಸರಿ ಬರೀ 47. ಸಾಲು: 0, 0, 55, 68, 70, 70, 74, 82, 91. ಐದನೆಯದು 70, ನೀವು ಗೆದ್ದಿರಿ. ‘ಆವರೇಜ್ ಎಷ್ಟು’ ಅಂದರೆ ನನಗೆ ಯಾಕೆ ಸಿಟ್ಟು ಬರುತ್ತದೆ ಅಂತ ಈಗಲಾದರೂ ಗೊತ್ತಾಗಿರಬೇಕು.

ಆದ್ದರಿಂದ ಲೆಕ್ಕ ಅಂಕದ್ದಲ್ಲ, ತಲೆ ಎಣಿಕೆಯದ್ದು. ಒಂಬತ್ತು ಅಸೈನ್‌ಮೆಂಟ್ ಇದ್ದರೆ ಐದಾದರೂ ಗುರಿ ಮುಟ್ಟಿರಬೇಕು. 70ರ ಗುರಿಗೆ ನಿಮ್ಮ ಕೈಯಲ್ಲಿ ಆಗಲೇ 74, 82, 91 ಇವೆ. ಮೂರು ಆಯಿತು, ಇನ್ನೆರಡು ಬೇಕು. ಗುರಿಯನ್ನು 75ಕ್ಕೆ ಏರಿಸಿದರೆ ಆ 74 ಎಣಿಕೆಯಿಂದ ಬಿದ್ದುಹೋಗಿ, ಉಳಿದ ಮೂರೂ 75 ದಾಟಲೇಬೇಕಾಗುತ್ತದೆ. 74ಕ್ಕೂ 75ಕ್ಕೂ ಒಂದೇ ಅಂಕದ ವ್ಯತ್ಯಾಸ, ಅದರ ಬೆಲೆ ಒಂದು ಇಡೀ ಅಸೈನ್‌ಮೆಂಟ್. ಇನ್ನು 82ರ ಮೇಲಿನ ಕನಸು ಬಿಟ್ಟುಬಿಡಿ. ಮೂರರಲ್ಲೂ ನೂರಕ್ಕೆ ನೂರು ಬಂದರೂ ಐದನೆಯ ಜಾಗದಲ್ಲಿ ನಿಲ್ಲುವುದು 82ವೇ.

ಎಕ್ಸೆಲ್‌ನಲ್ಲಾದರೆ ಆರು ಅಂಕಗಳನ್ನು ಬರೆದು, ಕೊಡದಿದ್ದಕ್ಕೆ 0 ಹಾಕಿ, ಮೂರು ಸಾಲು ಸಾಕು:

```
=COUNTIF(B2:B7,">=70")
=SMALL(B2:B7,2)
=SMALL(B2:B7,5)
```

ಮೊದಲನೆಯದು ಗುರಿ ಮುಟ್ಟಿದವು ಎಷ್ಟು ಅಂತ ಹೇಳುತ್ತದೆ: 3. ಎರಡನೆಯದು, ಇನ್ನು ಮೂರನ್ನೂ ಕೈಬಿಟ್ಟರೆ ಎಲ್ಲಿಗೆ ಬೀಳುತ್ತೀರಿ ಅಂತ: 55. ಮೂರನೆಯದು, ಮೂರರಲ್ಲೂ ನೂರು ಬಂದರೆ ಎಲ್ಲಿಗೆ ಏರುತ್ತೀರಿ ಅಂತ: 82. ಅಸೈನ್‌ಮೆಂಟ್‌ಗಳು 20ಕ್ಕೆ ಒಂದು, 50ಕ್ಕೆ ಒಂದು ಅಂತ ಇದ್ದರೆ ಮೊದಲು ಎಲ್ಲವನ್ನೂ ನೂರಕ್ಕೆ ಇಳಿಸಿಕೊಳ್ಳಿ. ಇಲ್ಲದಿದ್ದರೆ 20ಕ್ಕೆ 18 ತೆಗೆದದ್ದು 50ಕ್ಕೆ 30 ತೆಗೆದದ್ದಕ್ಕಿಂತ ಕೆಳಗೆ ಹೋಗಿ ನಿಲ್ಲುತ್ತದೆ.

“ಹಾಗಾದ್ರೆ ಒಂದನ್ನ ಬಿಟ್ಬಿಡ್ಲಾ?” ಇದು ತಪ್ಪದೆ ಬರುವ ಎರಡನೇ ಪ್ರಶ್ನೆ. ಬಿಡಿ, ಆದರೆ ಕೊನೆಯದನ್ನು ಬಿಡಿ, ಮೊದಲನೆಯದನ್ನಲ್ಲ. ಮೈಬಗ್ಗಿಸಿ ಮಾಡಿದರೆ ಐದರಲ್ಲಿ ನಾಲ್ಕು ಸಲ 70 ದಾಟುತ್ತೀರಿ ಅಂತಿಟ್ಟುಕೊಳ್ಳಿ. ಎರಡನ್ನೇ ಮಾಡಿದರೆ ಎರಡೂ ದಾಟುವ ಸಾಧ್ಯತೆ 64 ಶೇಕಡ. ಮೂರನ್ನೂ ಮಾಡಿದರೆ ಎರಡಾದರೂ ದಾಟುವ ಸಾಧ್ಯತೆ ಸುಮಾರು 90. ಈಗಲೇ ಒಂದನ್ನು ಬಿಟ್ಟವರು ಆ ಅಂತರವನ್ನು ಸುಮ್ಮನೆ ಕಳೆದುಕೊಂಡರು. ಏಳನೆಯದರ, ಎಂಟನೆಯದರ ಅಂಕ ಕೈಗೆ ಬಂದು ಎರಡೂ ದಾಟಿವೆ ಅಂತ ಖಾತ್ರಿಯಾದ ಮೇಲೆ ಒಂಬತ್ತನೆಯದನ್ನು ಮರೆತರೂ ನಡೆದೀತು. ಇಷ್ಟು ಅಸೈನ್‌ಮೆಂಟ್ ಕೊಟ್ಟಿರಲೇಬೇಕು ಅನ್ನುವ ಬೇರೆ ನಿಯಮ ಇದೆಯಾ ಅಂತ ಮಾತ್ರ ಮೊದಲೇ ನೋಡಿಕೊಂಡಿರಿ.

ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ನಾನು ಕೊಡದ ಅಸೈನ್‌ಮೆಂಟ್ ನಿಮ್ಮ ಶೀಟಿನಲ್ಲಿ ಹೇಗೆ ಕೂತಿದೆ?

ಎಕ್ಸೆಲ್‌ನ `MEDIAN` 0 ಅನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಖಾಲಿ ಕೋಶವನ್ನು ಬಿಡುತ್ತದೆ. ‘ಆಬ್ಸೆಂಟ್’ ಅಂತ ಅಕ್ಷರದಲ್ಲಿ ಬರೆದಿದ್ದರೆ ಅದನ್ನೂ ಬಿಡುತ್ತದೆ. ಹಾಗಾಗಿ ಈಗ ಶೀಟು ನೋಡಿದರೆ ನಿಮ್ಮ ಐದು ಅಂಕಗಳ ನಡುವಿನದು, 74, ಕಾಣುತ್ತದೆ. “ಸರ್, ನಂದು ಆಗಲೇ 74 ಇದೆಯಲ್ಲ!” ಅಂತ ಓಡಿ ಬರುವವರು ನೋಡಿರುವುದು ಇದನ್ನೇ. ಆ ಲೆಕ್ಕದಲ್ಲಿ ಇನ್ನು ಮೂರನ್ನೂ ಕೊಡದೆ ಮನೆಯಲ್ಲಿ ಮಲಗಿದರೂ 74ವೇ! ಯಾವ ಮೇಷ್ಟರು ಕೊನೆಗೆ ಅದನ್ನು ಹಾಗೇ ಬಿಡುತ್ತಾರೆ? ಖಾಲಿ ಜಾಗಗಳಿಗೆಲ್ಲ 0 ತುಂಬುವ ದಿನ ಬರುತ್ತದೆ, ಆ ದಿನ 74 ಇದ್ದದ್ದು 55 ಆಗುತ್ತದೆ. ಕೊಡದಿದ್ದಕ್ಕೆ ಮಾತ್ರ 0 ಹಾಕಿದ ಶೀಟು ಈಗ 71 ತೋರಿಸುತ್ತದೆ. ಅದೂ ನಂಬಿಕೆಗೆ ಅರ್ಹವಲ್ಲ. ಆರರ ನಡುವೆ ಒಬ್ಬನೇ ನಿಲ್ಲುವುದಿಲ್ಲವಾದ್ದರಿಂದ ಅದು 68 ಮತ್ತು 74ರ ಸರಾಸರಿ, ಅಷ್ಟೆ.

ನಿಜವಾಗಿಯೂ ಆ ಒಂದನ್ನು ಲೆಕ್ಕದಿಂದ ತೆಗೆದು ಎಂಟಕ್ಕೇ ಮೀಡಿಯನ್ ಹಿಡಿಯುತ್ತಾರೆ, ಉಳಿದವು ಕೊಡದಿದ್ದರೆ 0 ಅಂತಾದರೆ ಲೆಕ್ಕವೇ ಬದಲು. ಆಗ ನಾಲ್ಕನೆಯದರ ಮತ್ತು ಐದನೆಯದರ ಸರಾಸರಿ ನಿಮ್ಮ ಅಂಕ. ಒಂದೇ ಅಸೈನ್‌ಮೆಂಟ್‌ನಲ್ಲಿ 72 ಬಂದು ಉಳಿದೆರಡು ಸೊನ್ನೆಯಾದರೂ ನಡುವೆ 68, 72 ಬಂದು 70 ಸಿಗುತ್ತದೆ. ಎರಡರ ಬದಲು ಒಂದು! ಎರಡು ಸಾಲಿನ ಇಮೇಲ್‌ನಲ್ಲಿ ಕೇಳಬಹುದಾದ ಪ್ರಶ್ನೆ ಇದು.

ಇನ್ನೊಂದು. ಮೂರು ಹೊಸ ಅಸೈನ್‌ಮೆಂಟ್‌ಗಳ ಚಿಂತೆಯಲ್ಲಿ ಹಳೆಯ 68 ಯಾರ ಕಣ್ಣಿಗೂ ಬೀಳುವುದಿಲ್ಲ. ಮರುಮೌಲ್ಯಮಾಪನಕ್ಕೆ ಅವಕಾಶ ಇದ್ದರೆ ಮೊದಲು ಅದನ್ನು ತೆರೆದು ನೋಡಿ. ಎರಡು ಅಂಕ ಸಿಕ್ಕಿ 70 ಆದರೆ ಹೊಸ ಮೂರರಲ್ಲಿ ಒಂದು ದಾಟಿದರೆ ಮುಗಿಯಿತು. 74ನ್ನು 80 ಮಾಡಿಸಲು ಜಗಳವಾಡಬೇಡಿ, 70ರ ಗುರಿಗೆ ಅದರಿಂದ ಕಾಸಿನ ಪ್ರಯೋಜನವಿಲ್ಲ. ಕೊಡದೆ ಉಳಿದದ್ದನ್ನು ಈಗ ತಡವಾಗಿ ಕೊಟ್ಟು 60 ಗಿಟ್ಟಿಸಿದರೂ 70 ಹತ್ತಿರ ಬರುವುದಿಲ್ಲ. ಹೆಚ್ಚೆಂದರೆ, ಎಲ್ಲ ಕೈಕೊಟ್ಟ ದಿನ 55ಕ್ಕೆ ಬೀಳುವ ಬದಲು 60ಕ್ಕೆ ಬೀಳುತ್ತೀರಿ. ಹಾಗೆಯೇ ದಿನಕ್ಕೆ ಹತ್ತು ಶೇಕಡ ದಂಡ ಇರುವ ಕಡೆ ಒಂದು ದಿನ ತಡವಾದ 72ಕ್ಕೆ ಉಳಿಯುವುದು 64.8. ಈ ಗುರಿಗೆ ಅದೂ ಸೊನ್ನೆಯೂ ಒಂದೇ. 78 ಬರುವಷ್ಟು ಕೆಲಸ ಆಗಿದ್ದರೆ ಮಾತ್ರ ಒಂದು ದಿನ ತಡ ಮಾಡಿ. ಇಲ್ಲವಾದರೆ ಇದ್ದದ್ದನ್ನು ಇವತ್ತೇ ಕೊಟ್ಟು ಮುಂದಿನದಕ್ಕೆ ಕೂತುಕೊಳ್ಳಿ.