‘ಫೋನ್ ಬಂತು’ ಎಂಬಲ್ಲಿ ಎಷ್ಟು ‘ನ್’ ಉಳಿದಿದೆ?

ಧ್ವನಿಮುದ್ರಣವನ್ನು ಕೇಳುತ್ತ, ಪರದೆಯ ಮೇಲೆ ಒಂದೊಂದು ಧ್ವನಿಯ ಗಡಿಗೆ ಗೆರೆ ಎಳೆದು, ಅದು ಯಾವ ಧ್ವನಿಯೆಂದು ಬರೆಯುವುದು ನನ್ನ ಕೆಲಸ. ಪಠ್ಯವನ್ನು ಗಟ್ಟಿಯಾಗಿ ಓದುವ ತಂತ್ರಾಂಶಗಳು ಈ ಗುರುತುಗಳನ್ನು ನೋಡಿಯೇ ಉಚ್ಚಾರಣೆ ಕಲಿಯುತ್ತವೆ. ಹೊಸದಾಗಿ ಸೇರಿದವರು ಬೇಗನೆ ಎತ್ತುವ ಪ್ರಶ್ನೆ ಒಂದಿದೆ: ಓದಲು ಕೊಟ್ಟ ಹಾಳೆಯಲ್ಲಿ ‘ಫೋನ್ ಬಂತು’ ಎಂದಿದೆ, ಕಿವಿಗೆ ‘ಫೋಮ್ ಬಂತು’ ಎಂದು ಬೀಳುತ್ತಿದೆ, ಯಾವುದನ್ನು ಬರೆಯಬೇಕು?

ಪದದ ಒಳಗಾದರೆ ಈ ತಕರಾರೇ ಇಲ್ಲ. ಅಂಗ, ಅಂಚು, ಅಂಟು, ಅಂತ, ಅಂಬು ಎಂಬ ಐದನ್ನೂ ನಿಧಾನವಾಗಿ ಹೇಳಿ, ಸೊನ್ನೆಯ ಹೊತ್ತಿಗೆ ನಾಲಗೆ ಎಲ್ಲಿದೆಯೆಂದು ಗಮನಿಸಿ. ಮೊದಲನೆಯದರಲ್ಲಿ ನಾಲಗೆಯ ಹಿಂಭಾಗ ಮೇಲೇರಿರುತ್ತದೆ, ಕೊನೆಯದರಲ್ಲಿ ತುಟಿಗಳು ಮುಚ್ಚಿರುತ್ತವೆ. ಬರೆಯುವುದು ಒಂದೇ ಸೊನ್ನೆ, ನುಡಿಯುವುದು ಐದು ಅನುನಾಸಿಕಗಳು. ಯಾವುದೆಂದು ತೀರ್ಮಾನಿಸುವುದು ಮುಂದಿನ ಸ್ಪರ್ಶ ವ್ಯಂಜನ. ಹೀಗಾಗಿ ಉಚ್ಚಾರಣಾ ಕೋಶದಲ್ಲಿ ಮುಂಗಾರು, ಮುಂಜಾನೆ, ಮುಂದೆ, ಮುಂಬಾಗಿಲು ಎಂಬ ನಾಲ್ಕಕ್ಕೂ ಬೇರೆ ಬೇರೆ ಅನುನಾಸಿಕ ಹಾಕುತ್ತೇವೆ, ಯಾರನ್ನೂ ಕೇಳಬೇಕಾಗಿಲ್ಲ. ಸಂಸ್ಕೃತಕ್ಕೆ ಪಾಣಿನಿ ಇದನ್ನೇ ‘ಅನುಸ್ವಾರಸ್ಯ ಯಯಿ ಪರಸವರ್ಣಃ’ ಎಂದು ವಿಧಿಸಿ, ಮರುಸೂತ್ರದಲ್ಲೇ ‘ವಾ ಪದಾಂತಸ್ಯ’ ಎಂದ. ಪದದ ಕೊನೆಯಲ್ಲಿ ಆದರೂ ಆಗಬಹುದು, ಆಗದಿರಲೂಬಹುದು ಎಂದರ್ಥ. ನಮ್ಮ ತಲೆನೋವೆಲ್ಲ ಆ ‘ವಾ’ದಲ್ಲೇ ಇದೆ.

ಇದು ಸೋಮಾರಿತನ, ನಾಲಗೆಗೆ ಒಂದು ಚಲನೆ ಉಳಿಯಿತು ಅಷ್ಟೆ ಎಂದು ಹಲವರು ಹೇಳುತ್ತಾರೆ. ಶ್ರಮ ಉಳಿಯುವುದು ನಿಜ. ಆದರೆ ಉಳಿಸುವುದೇ ಗುರಿಯಾಗಿದ್ದರೆ ಎರಡು ವ್ಯಂಜನಗಳಲ್ಲಿ ಯಾವುದನ್ನಾದರೂ ಬದಲಿಸಬಹುದಿತ್ತು. ‘ಫೋನ್ ದಂತು’ ಎಂದರೂ ಅಷ್ಟೇ ಉಳಿತಾಯ. ಹಾಗೆ ಯಾರೂ ಹೇಳುವುದಿಲ್ಲ. ಸೋಲುವುದು ಹೆಚ್ಚುಕಡಿಮೆ ಯಾವಾಗಲೂ ಅನುನಾಸಿಕವೇ. ಕಾರಣವನ್ನು ಬಾಯಿಗಿಂತ ಮೊದಲು ಕಿವಿಯಲ್ಲಿ ಹುಡುಕಬೇಕು.

ಹೊಸಬರಿಗೆ ಇದನ್ನು ಒಂದು ಪುಟ್ಟ ಪರೀಕ್ಷೆಯಿಂದ ತೋರಿಸುತ್ತೇನೆ. ‘ಆಮ’ ಮತ್ತು ‘ಆನ’ ಎಂದು ಹೇಳಿದ ಮುದ್ರಣಗಳಿಂದ ಅನುನಾಸಿಕದ ಭಾಗವನ್ನಷ್ಟೇ, ಅಂದರೆ ಬಾಯಿ ಮುಚ್ಚಿ ಮೂಗಿನಿಂದ ದನಿ ಬರುವ ತುಣುಕನ್ನಷ್ಟೇ, ಕತ್ತರಿಸಿ ಕೇಳಿಸುತ್ತೇನೆ. ಎರಡೂ ಒಂದೇ ಬಗೆಯ ಗುಂಯ್ ಎನ್ನುವ ದನಿ. ಯಾವುದು ಮ, ಯಾವುದು ನ ಎನ್ನುವಲ್ಲಿ ಎಲ್ಲರೂ ತಡವರಿಸುತ್ತಾರೆ. ಮೂಗಿನ ದಾರಿ ಎರಡರಲ್ಲೂ ಒಂದೇ ಆಗಿರುವುದರಿಂದ ದನಿಯ ಬಲವೆಲ್ಲ ಸುಮಾರು 250–300 ಹರ್ಟ್ಸ್ ಆಸುಪಾಸಿನಲ್ಲಿ ಗುಂಪುಗೂಡಿರುತ್ತದೆ. ಬಾಯೊಳಗಿನ ತಡೆ ಎಲ್ಲಿದೆ ಎಂಬ ಸುಳಿವು ಅದಕ್ಕಿಂತ ಮೇಲೆ, ತೀರಾ ಮಂಕಾಗಿ ಇರುತ್ತದೆ. ಈಗ ತುಣುಕಿನ ಕೊನೆಗೆ ಮುಂದಿನ ‘ಅ’ಕಾರದ ಆರಂಭವನ್ನು ಸ್ವಲ್ಪ ಸೇರಿಸಿದರೆ ಸಾಕು, ಗೊಂದಲ ಮಾಯ. ಅಂದರೆ ಅನುನಾಸಿಕದ ಸ್ಥಾನ ನಮಗೆ ತಿಳಿಯುವುದು ಹೆಚ್ಚಾಗಿ ಅಕ್ಕಪಕ್ಕದ ಸ್ವರಗಳಿಂದ, ಅದರಲ್ಲೂ ಮುಂದಿನ ಸ್ವರದಿಂದ.

ಇನ್ನು ಸ್ವರದ ಬದಲು ‘ಬ’ ಬಂತೆನ್ನಿ. ಮುಂದಿನ ಸ್ವರದ ನೆರವು ತಪ್ಪಿತು. ಉಳಿದದ್ದು ಹಿಂದಿನ ಸ್ವರ. ಅದೂ ಅನುನಾಸಿಕಕ್ಕೆ ಮೊದಲೇ ಮೂಗಿನ ಬಣ್ಣ ಹತ್ತಿಸಿಕೊಂಡು ಮಸುಕಾಗಿರುತ್ತದೆ. ‘ಬ’ಕಾರಕ್ಕಾದರೋ ತನ್ನದೇ ಸಿಡಿತವಿದೆ, ಅದರ ಬೆನ್ನಿಗೇ ಸ್ಪಷ್ಟವಾದ ಸ್ವರವಿದೆ. ಕೇಳುವವನಿಗೆ ಒಂದು ಸ್ಥಾನ ಜೋರಾಗಿಯೂ ಇನ್ನೊಂದು ಪಿಸುಮಾತಿನಲ್ಲಿಯೂ ತಲಪಿದರೆ ಅವನು ಜೋರಾದುದನ್ನೇ ಎರಡಕ್ಕೂ ಅನ್ವಯಿಸಿಕೊಳ್ಳುತ್ತಾನೆ. ನಾಳೆ ಅವನು ನುಡಿಯುವುದೂ ಹಾಗೆಯೇ. ಬದಲಾವಣೆ ಬಲದಿಂದ ಎಡಕ್ಕೆ ಹರಿಯುವುದು ಇದರಿಂದಲೇ. ಧ್ವನಿವಿಜ್ಞಾನಿ ಜಾನ್ ಒಹಾಲ ಈ ವಾದವನ್ನು 1990ರಲ್ಲಿ ವಿವರವಾಗಿ ಮಂಡಿಸಿದರು. ಗುರುತು ಹಾಕುತ್ತ ಕುಳಿತವರಿಗೆ ಅದು ದಿನವೂ ಕಣ್ಣೆದುರೇ ನಡೆಯುತ್ತಿರುತ್ತದೆ.

‘ಫೋನ್ ಬಂತು’ವಿಗೆ ಮರಳುತ್ತೇನೆ. ದನಿಯ ಬಲ ಯಾವ ಹೊತ್ತಿನಲ್ಲಿ ಎಷ್ಟು ಹರ್ಟ್ಸ್‌ನಲ್ಲಿದೆ ಎಂದು ಪರದೆಯ ಮೇಲೆ ತೋರಿಸುವ ರೋಹಿತಚಿತ್ರದಲ್ಲಿ ನೋಡಬೇಕಾದದ್ದು ‘ಓ’ಕಾರದ ಕೊನೆಯ ತುದಿಯನ್ನು. ಬಾಯಿಯ ಆಕಾರ ಎತ್ತಿಹಿಡಿದ ದನಿಗಳು ಅಲ್ಲಿ ಒಂದರ ಮೇಲೊಂದು ಗಾಢ ಪಟ್ಟಿಗಳಾಗಿ ಕಾಣುತ್ತವೆ, ಇವೇ ಅನುರಣನ ಪಟ್ಟಿಗಳು. ‘ಓ’ಕಾರದ ಎರಡನೆಯ ಅನುರಣನ ಪಟ್ಟಿ ಸಾವಿರ ಹರ್ಟ್ಸ್‌ನ ಒಳಗೇ ಇರುತ್ತದೆ. ಒಬ್ಬರು ಬಿಡಿಸಿ ಓದಿದಾಗ, ನಾಲಗೆಯ ತುದಿ ಹಲ್ಲಿನತ್ತ ಹೋಗುತ್ತಿದ್ದಂತೆ, ಆ ಪಟ್ಟಿ ಕೊನೆಯಲ್ಲಿ ಸ್ಪಷ್ಟವಾಗಿ ಮೇಲಕ್ಕೆ ಬಾಗುತ್ತದೆ: ಅಲ್ಲಿ ನ್ ಇದೆ. ಸರಾಗವಾಗಿ ಓದಿದಾಗ ಪಟ್ಟಿ ಬಾಗದೆ ಕೆಳಗೇ ಉಳಿಯುತ್ತದೆ: ತುಟಿ ಮುಚ್ಚಿದೆ, ಅದು ಮ್. ಕಷ್ಟ ಕೊಡುವುದು ಮೂರನೆಯ ಬಗೆ. ಪಟ್ಟಿ ಏರಲು ಹೊರಟು ಅರ್ಧಕ್ಕೇ ನಿಲ್ಲುತ್ತದೆ. ಕಿವಿಗೆ ಮ್ ಎಂದೇ ಕೇಳಿಸುತ್ತದೆ. ನಾಲಗೆ ಹೊರಟಿತ್ತು, ಆದರೆ ಅದು ಮುಟ್ಟುವ ಮೊದಲೇ ತುಟಿಗಳು ಮುಚ್ಚಿಕೊಂಡವು. ಇಂಗ್ಲಿಷಿನಲ್ಲಿ ‘ನ್’ ಮುಂದೆ ‘ಕ’ ಬಂದಾಗ ಅಂಗುಳಿಗೆ ವಿದ್ಯುದ್ವಾರಗಳಿರುವ ಫಲಕ ತೊಡಿಸಿ ನಾಲಗೆಯ ಸ್ಪರ್ಶ ಅಳೆದ ಪ್ರಯೋಗಗಳಲ್ಲೂ ಹೀಗೆಯೇ ಕಂಡಿದೆ: ಕೆಲವರಲ್ಲಿ ತುದಿಯ ಸ್ಪರ್ಶ ಪೂರ್ತಿ ಇಲ್ಲ, ಕೆಲವರಲ್ಲಿ ಪೂರ್ತಿ ಇದೆ, ಇನ್ನು ಕೆಲವರಲ್ಲಿ ಅರೆಬರೆ.

ನಮ್ಮ ಗುರುತುಗಳಲ್ಲಿ ಅರ್ಧ ನ್ ಎಂಬುದಕ್ಕೆ ಜಾಗವಿಲ್ಲ. ಆದ್ದರಿಂದ ಪದದ ಗಡಿಯಲ್ಲಿ ಎರಡು ಸಾಲು ಇಟ್ಟುಕೊಂಡಿದ್ದೇವೆ: ಮೇಲಿನದರಲ್ಲಿ ಪದದ ಮೂಲ ಧ್ವನಿ, ಕೆಳಗಿನದರಲ್ಲಿ ಕೇಳಿಸಿದ ಧ್ವನಿ. ಅರೆಬರೆಯಾದದ್ದಕ್ಕೆ ಕೇಳಿಸಿದ್ದನ್ನೇ ಬರೆದು ಪಕ್ಕದಲ್ಲಿ ಒಂದು ಚಿಹ್ನೆ. ನಿಯಮವನ್ನು ಕಣ್ಣುಮುಚ್ಚಿ ಎಲ್ಲ ಕಡೆಗೂ ಹಚ್ಚಿದರೆ ನಿಧಾನದ ಓದಿನಲ್ಲೂ ‘ಫೋಮ್’ ಬಂದು ಕುಳಿತುಕೊಳ್ಳುತ್ತದೆ, ಅದು ಕೇಳಲು ಬಹಳ ಕೆಟ್ಟದಾಗಿರುತ್ತದೆ. ಅಂದಹಾಗೆ ‘ಫೋನ್ ಕೊಡು’ ಎಂಬಲ್ಲಿ ಈ ಪಟ್ಟಿಯನ್ನು ನಂಬಬೇಡಿ. ‘ಓ’ಕಾರದ ಮುಂದೆ ಕಂಠ್ಯ ಅನುನಾಸಿಕ ಬಂದರೂ ಪಟ್ಟಿ ಕೆಳಗೇ ಇರಬಹುದು. ‘ಪ್ಲಾನ್ ಕೆಟ್ಟಿತು’ ಎಂಬಂಥ ‘ಆ’ಕಾರದ ಪದದಲ್ಲಿ ನೋಡಿ, ಎರಡನೆಯ ಮತ್ತು ಮೂರನೆಯ ಪಟ್ಟಿಗಳು ಹತ್ತಿರ ಬಂದರೆ ಅದು ಕಂಠ್ಯ.

ಎಲ್ಲ ಅನುನಾಸಿಕಗಳೂ ಒಂದೇ ಸಮ ಸೋಲುವುದಿಲ್ಲ. ‘ಟೀಮ್ ಕರೆಯಿತು’ ಎಂಬಲ್ಲಿ ಎಷ್ಟೇ ಅವಸರವಿದ್ದರೂ ಮ್ ಮ್ ಆಗಿಯೇ ಉಳಿಯುತ್ತದೆ. ನಾಲಗೆಯ ತುದಿಯ ಚಲನೆ ಚುರುಕು, ಚಿಕ್ಕದು, ಹಾಗಾಗಿ ಬೇಗ ಮುಚ್ಚಿಹೋಗುತ್ತದೆ, ತುಟಿಯದು ಹಾಗಲ್ಲ. ಇನ್ನೂ ಸೊಗಸಾದದ್ದು ಬೆಂಗಾವಲು ಮತ್ತು ಕಣ್ಗಾವಲು ಎಂಬ ಜೋಡಿ. ಎರಡರಲ್ಲೂ ಎದುರಿಗಿರುವುದು ಅದೇ ‘ಗಾವಲು’. ಬೆನ್ನಿನ ನ್ ಕರಗಿತು, ಕಣ್ಣಿನ ಣ್ ನಿಂತಿತು. ಮೂರ್ಧನ್ಯ ಧ್ವನಿ ತನ್ನ ಗುರುತನ್ನು ಹಿಂದಿನ ಸ್ವರದಲ್ಲೇ ಒತ್ತಿಬಿಡುತ್ತದೆ, ಮೂರನೆಯ ಪಟ್ಟಿ ಕೆಳಕ್ಕೆ ಜಗ್ಗುತ್ತದೆ. ಮುಂದಿನ ಸ್ವರ ಕೈಕೊಟ್ಟರೂ ಅದಕ್ಕೆ ನಷ್ಟ ಕಡಿಮೆ. ಆದರೂ ಇದು ಒಲವು ಮಾತ್ರ, ಕಟ್ಟಲೆಯಲ್ಲ: ಅದೇ ಣ್ ‘ತಂಗಾಳಿ’ಯಲ್ಲಿಯೂ ‘ಹೆಂಗಸು’ವಿನಲ್ಲಿಯೂ ಕರಗಿದೆ.

ಕಿವಿ ಮತ್ತು ಮೂಗು ಎಲ್ಲ ಮನುಷ್ಯರಿಗೂ ಒಂದೇ ಬಗೆಯಾದ್ದರಿಂದ, ಪರಸ್ಪರ ನಂಟಿಲ್ಲದ ಭಾಷೆಗಳೂ ಇದೇ ಜಾಡಿಗೆ ಬಂದಿವೆ. ಸ್ಪ್ಯಾನಿಷಿನ ‘ಉನ್’ ‘ಬೆಸೊ’ದ ಮುಂದೆ ‘ಉಮ್’ ಆಗುತ್ತದೆ. ಜಪಾನಿಯಲ್ಲಿ ಒಂದೇ ಲಿಪಿಚಿಹ್ನೆ ಪ, ತ, ಕ ಮುಂದೆ ಮೂರು ಬಗೆಯಾಗಿ ನುಡಿಯುತ್ತದೆ. ನಮ್ಮ ಸೊನ್ನೆಯ ಅಣ್ಣನಂತೆ. ಪಶ್ಚಿಮ ಆಫ್ರಿಕದ ಯೊರುಬ ಭಾಷೆಯಲ್ಲಿ ಕ್ರಿಯೆ ನಡೆಯುತ್ತಿದೆ ಎಂದು ಸೂಚಿಸುವ ಅನುನಾಸಿಕವೂ ಮುಂದಿನ ವ್ಯಂಜನದ ಸ್ಥಾನವನ್ನೇ ಹಿಡಿಯುತ್ತದೆ. ಆದರೆ ರಷ್ಯನ್ನರು ‘ಬಾಂಕ್’ ಎನ್ನುವಾಗ ನಾಲಗೆಯ ತುದಿಯನ್ನು ಹಲ್ಲಿಗೆ ತಾಗಿಸಿ ಶುದ್ಧ ನ್ ನುಡಿದು, ಆಮೇಲೆ ಕ್‌ಗೆ ಹೋಗುತ್ತಾರೆ. ಒತ್ತಡ ಎಲ್ಲ ಕಡೆ ಇದ್ದರೂ ಭಾಷೆ ಅದಕ್ಕೆ ಮಣಿಯಲೇಬೇಕೆಂದಿಲ್ಲ. ಆದ್ದರಿಂದ ಹೊಸ ಭಾಷೆಯ ಕೆಲಸ ಬಂದಾಗ ನಮ್ಮ ನಿಯಮದ ಕಡತವನ್ನು ನಕಲು ಮಾಡುವ ಮೊದಲು ಅನುನಾಸಿಕದ ಸಾಲುಗಳನ್ನು ತೆಗೆದುಹಾಕಿ, ಆ ಭಾಷೆಯ ಮುದ್ರಣಗಳನ್ನು ಕೇಳಿದ ಮೇಲೆ ಬೇಕಾದವನ್ನು ಮಾತ್ರ ವಾಪಸು ಸೇರಿಸುತ್ತೇವೆ.