ಯಾವ ಊರಿನ ಏಳೂವರೆ?

ಕಳೆದ ಮಾರ್ಚ್ ತಿಂಗಳ ಒಂದು ಗುರುವಾರ ನಮ್ಮ ಕಚೇರಿಯ ದೂರವಾಣಿ ಸಭೆಯಲ್ಲಿ ಬೆಳಗಾವಿಯವರ ಜಾಗ ಖಾಲಿಯಾಗಿಯೇ ಉಳಿಯಿತು. ಸಭೆ ಆರಂಭವಾಗಿ ಕೆಲವು ನಿಮಿಷ ಕಳೆದ ಮೇಲೆ ಷಿಕಾಗೊದ ಕಡೆಯಿಂದ ಯಾರೋ, “ಇರಲಿ ಬಿಡಿ, ಅದು ಇಂಡಿಯನ್ ಟೈಮ್” ಎಂದರು. ಉಳಿದವರು ಮೆಲ್ಲಗೆ ನಕ್ಕರು. ಜರ್ಮನಿಯ ಸ್ಟುಟ್‌ಗಾರ್ಟ್‌ನ ನಮ್ಮ ಕೋಣೆಯಲ್ಲಿ ಕುಳಿತಿದ್ದ ಏಕೈಕ ಕನ್ನಡತಿಯಾದ ನಾನು ನಗಲಿಲ್ಲ. ಎರಕದ ಕೆಲಸದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬಿಡದೆ ಬರೆದು ಕಳುಹಿಸುವ ಆ ಬೆಳಗಾವಿಯ ಫೌಂಡ್ರಿಯವರು ಹೇಳದೆ ಕೇಳದೆ ಸಭೆ ತಪ್ಪಿಸುವವರಲ್ಲ ಎಂಬುದು ನನಗೆ ಗೊತ್ತಿತ್ತು.

ಸಭೆ ಮುಗಿದು ಸ್ವಲ್ಪ ಹೊತ್ತಿನಲ್ಲೇ ಅವರಿಂದ ಕರೆ ಬಂತು. ಅವರು ಸಂಜೆ ಏಳಕ್ಕೆ ಸರಿಯಾಗಿ ಕುಳಿತಿದ್ದರು. ಅತ್ತ ಯಾರೂ ಇರಲಿಲ್ಲ. “ನಾವೇನ್ ಗಡಿಯಾರ ಮುಟ್ಟಿಲ್ರಿ ಮೇಡಂ, ಮತ್ತ ತಡ ಹೆಂಗಾದ್ವಿ?” ಎಂದು ಅಲ್ಲಿಯ ಮೇಲ್ವಿಚಾರಕರು ಕೇಳಿದ ಪ್ರಶ್ನೆಯಲ್ಲಿ ಕೋಪಕ್ಕಿಂತ ಬೆರಗೇ ಹೆಚ್ಚಾಗಿತ್ತು.

ಅಂದು ಸಂಜೆ ಮೆಟ್ಟಿಲ ಬಳಿ ಸಿಕ್ಕ ಮೇಲಿನ ಮಹಡಿಯ ಹಿರಿಯರಿಗೆ ಇದನ್ನು ಹೇಳಿದೆ. ಅವರು ಇಲ್ಲಿಯ ರೈಲ್ವೆಯಲ್ಲಿ ವೇಳಾಪಟ್ಟಿ ಹೊಂದಿಸುವ ಕೆಲಸದಲ್ಲಿದ್ದು ನಿವೃತ್ತರಾದವರು. ಜನವರಿಯಲ್ಲಿ ಷಿಕಾಗೊದಿಂದ ಬಂದಿದ್ದ ಮೂಲ ಮೇಲ್ ಅನ್ನು ಅವರಿಗೆ ತೋರಿಸಿದೆ. ಪ್ರತಿ ಗುರುವಾರ ಬೆಳಿಗ್ಗೆ 7:30 ಸಿಎಸ್‌ಟಿ, ಮಧ್ಯಾಹ್ನ 2:30 ಸಿಇಟಿ, ಸಂಜೆ 7:00 ಐಎಸ್‌ಟಿ ಎಂದು ಅದರಲ್ಲಿ ಅಚ್ಚುಕಟ್ಟಾಗಿಯೇ ಬರೆದಿತ್ತು. ಅವರು ಕನ್ನಡಕ ಏರಿಸಿಕೊಂಡು ಓದಿ, ಒಂದೇ ಪ್ರಶ್ನೆ ಕೇಳಿದರು: “ಇದು ಯಾವ ಊರಿನ ಏಳೂವರೆ?”

ಷಿಕಾಗೊದ್ದು ಎಂದೆ. ಹಾಗಾದರೆ ಹಾಗೆ ಬರೆದಿಲ್ಲವಲ್ಲ, ಎಂದರು.

ಅವರ ಮಾತು ನನಗೆ ಪೂರ್ತಿ ತಿಳಿಯಲು ಲೆಕ್ಕ ಹಾಕಬೇಕಾಯಿತು. ಸಿಎಸ್‌ಟಿ ಎಂದರೆ ಅಮೆರಿಕದ ಮಧ್ಯ ವಲಯದ ಚಳಿಗಾಲದ ಸಮಯ, ಜಗತ್ತಿನ ಎಲ್ಲ ಗಡಿಯಾರಗಳಿಗೂ ಅಳತೆಯಾದ ಯುಟಿಸಿ ಸಮಯಕ್ಕಿಂತ 6 ಗಂಟೆ ಹಿಂದೆ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. 2026ರಲ್ಲಿ ಅದು ಮಾರ್ಚ್ 8. ಅಂದಿನಿಂದ ಷಿಕಾಗೊ ಇರುವುದು ಸಿಡಿಟಿಯಲ್ಲಿ, ಅಂದರೆ ಯುಟಿಸಿಗಿಂತ 5 ಗಂಟೆ ಹಿಂದೆ. ಯುರೋಪು ತಿರುಗಿಸುವುದು ಮಾರ್ಚ್ ತಿಂಗಳ ಕೊನೆಯ ಭಾನುವಾರ. ಈ ಸಲ ಮಾರ್ಚ್ 29. ಭಾರತ ತಿರುಗಿಸುವುದೇ ಇಲ್ಲ. ಹೀಗಾಗಿ ಮಾರ್ಚ್ 8ರಿಂದ 29ರವರೆಗಿನ ಮೂರು ವಾರ ಈ ಮೂರೂ ಊರುಗಳ ನಡುವಿನ ಅಂತರ ವರ್ಷದ ಉಳಿದ ಬಹುಪಾಲು ದಿನಗಳಂತೆ ಇರುವುದಿಲ್ಲ, ಮತ್ತು ನಮ್ಮ ಆ ಗುರುವಾರ, ಮಾರ್ಚ್ 12, ನೇರವಾಗಿ ಈ ಸಂದಿಯೊಳಗೆ ಬಂದು ಬಿದ್ದಿತ್ತು.

ಈಗ ಮೇಲ್ ಅನ್ನು ಅಕ್ಷರಶಃ ಓದಿದರೆ ಏನಾಗುತ್ತದೆ ನೋಡಿ. 7:30 ಸಿಎಸ್‌ಟಿ ಎಂದರೆ ಯುಟಿಸಿ 13:30, ಅಂದರೆ ಬೆಳಗಾವಿಯ ಸಂಜೆ 7:00. ಆ ಗಳಿಗೆಯಲ್ಲಿ ಷಿಕಾಗೊದ ಗೋಡೆ ಗಡಿಯಾರ 8:30 ತೋರಿಸುತ್ತಿರುತ್ತದೆ. ಬರೆದ ಮಾತಿನ ಪ್ರಕಾರ ಹೊತ್ತಿಗೆ ಸರಿಯಾಗಿ ಬಂದವರು ಬೆಳಗಾವಿಯವರು ಮಾತ್ರ. ಷಿಕಾಗೊದವರು ತಮ್ಮ ಮೇಲ್‌ಗಿಂತ ಒಂದು ಗಂಟೆ ಮೊದಲೇ ಬಂದು, ಬಾರದವರನ್ನು ನೋಡಿ ನಕ್ಕಿದ್ದರು. ಈ ವಿಷಯವನ್ನು ಮರುದಿನ ಬಹಳ ಸೌಜನ್ಯದಿಂದ ಬರೆದು ತಿಳಿಸಿದಾಗ ನನಗಾದ ಸಂತೋಷವನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಸ್ಟುಟ್‌ಗಾರ್ಟ್‌ನ ನಾವು ಸಭೆ ನಡೆದ ಹೊತ್ತಿಗೇ ಹೋದದ್ದರಲ್ಲಿ ನಮ್ಮ ಜಾಣ್ಮೆಯೇನೂ ಇರಲಿಲ್ಲ. ನಾವು ಕ್ಯಾಲೆಂಡರಿನ ಆಮಂತ್ರಣವನ್ನು ಒಪ್ಪಿಕೊಂಡಿದ್ದೆವು. ಫೌಂಡ್ರಿಯಲ್ಲಿ ಮೇಲ್ ಅನ್ನು ಮುದ್ರಿಸಿ ಸೂಚನಾ ಫಲಕಕ್ಕೆ ಅಂಟಿಸಿದ್ದರು. ಆಮಂತ್ರಣದ ಕಡತವನ್ನು ತೆರೆದರೆ ಒಳಗೆ ಇರುವುದು ಇಷ್ಟೇ:

```
DTSTART;TZID=America/Chicago:20260108T073000
RRULE:FREQ=WEEKLY;BYDAY=TH
```

ಇಲ್ಲಿ ಸಿಎಸ್‌ಟಿಯೂ ಇಲ್ಲ, ಸಿಡಿಟಿಯೂ ಇಲ್ಲ, ಊರಿನ ಹೆಸರಿದೆ. ಷಿಕಾಗೊದ ಗಡಿಯಾರಕ್ಕೆ ಕಟ್ಟಿದ ಸಭೆ ಇದು, ಆದ್ದರಿಂದ ಆ ಗಡಿಯಾರ ಸರಿದಾಗ ಉಳಿದವರೆಲ್ಲರ ಹೊತ್ತೂ ಸರಿಯುತ್ತದೆ ಎಂದು ಯಂತ್ರಕ್ಕೆ ಅರ್ಥವಾಗುತ್ತದೆ. ಆ ವಾರ ನಮ್ಮ ಕ್ಯಾಲೆಂಡರ್ 13:30 ಎಂದು ತೋರಿಸುತ್ತಿತ್ತು, ಮೇಲ್ ಇನ್ನೂ 2:30 ಎನ್ನುತ್ತಿತ್ತು. ಇವೆರಡೂ ಬೇರೆಯಾದದ್ದು ಕಂಡ ಕೂಡಲೇ ಸಭೆ ಯಾವ ಊರಿಗೆ ಕಟ್ಟಿದ್ದು ಎಂದು ಕೇಳಬೇಕಿತ್ತು. ಪಾಪ, ಗೋಡೆಗೆ ಅಂಟಿಸಿದ ಕಾಗದಕ್ಕೆ ಅಂಥ ಎರಡನೆಯ ಸಾಕ್ಷಿ ಇರಲಿಲ್ಲ.

ಎಲ್ಲವನ್ನೂ ಯುಟಿಸಿಯಲ್ಲಿ ಬರೆದುಬಿಟ್ಟರೆ ಮುಗಿಯಿತಲ್ಲ ಎಂದು ಹಲವರು ಹೇಳುತ್ತಾರೆ. ಆಗಿ ಹೋದ ಘಟನೆಯನ್ನು ದಾಖಲಿಸಲು ಅದು ಸರಿ. ಮುಂದೆ ವಾರವಾರವೂ ನಡೆಯಬೇಕಾದ ಸಭೆಗೆ ಅದು ಹೊಂದುವುದಿಲ್ಲ. 13:30 ಯುಟಿಸಿ ಎಂದು ನಿಗದಿ ಮಾಡಿದರೆ ಭಾರತದಲ್ಲಿ ವರ್ಷವಿಡೀ 7 ಗಂಟೆಯೇ ಇರುತ್ತದೆ, ಷಿಕಾಗೊ ಮತ್ತು ಸ್ಟುಟ್‌ಗಾರ್ಟ್‌ಗಳಲ್ಲಿ ಬೇಸಿಗೆ ಬಂದಾಗ ಒಂದು ಗಂಟೆ ತಡವಾಗುತ್ತದೆ. ಯಾವುದೋ ಒಂದು ಊರು ತನ್ನ ಗಡಿಯಾರವನ್ನು ಹಿಡಿದುಕೊಳ್ಳಲೇಬೇಕು, ಉಳಿದವರು ಸರಿಯಲೇಬೇಕು. ಅದು ಯಾವ ಊರು ಎಂಬುದನ್ನು ಮೇಲ್‌ನಲ್ಲಿ ಹೇಳಿಬಿಡುವುದು ಒಳ್ಳೆಯದು.

ನಮ್ಮ ಹಿರಿಯರಿಗೆ ಈ ಪ್ರಶ್ನೆ ಹೊಳೆದದ್ದು ಸಹಜ. ಜರ್ಮನಿಯಲ್ಲಿ 1893ರ ಏಪ್ರಿಲ್ 1ರಂದು ದೇಶಕ್ಕೆಲ್ಲ ಒಂದೇ ಸಮಯ ಎಂಬ ಕಾನೂನು ಬರುವವರೆಗೆ ಊರೂರಿಗೂ ಅದರದೇ ಗಡಿಯಾರವಿತ್ತು. ಅಕ್ಟೋಬರಿನಲ್ಲಿ ಗಡಿಯಾರ ಹಿಂದಕ್ಕೆ ಸರಿಯುವ ರಾತ್ರಿ ಎರಡರಿಂದ ಮೂರರವರೆಗಿನ ಗಂಟೆ ಎರಡು ಸಲ ಬರುತ್ತದಲ್ಲ, ಅವುಗಳಲ್ಲಿ ಮೊದಲನೆಯದನ್ನು 2ಎ, ಎರಡನೆಯದನ್ನು 2ಬಿ ಎಂದು ಇಲ್ಲಿಯ ನಿಯಮವೇ ಕರೆಯುತ್ತದೆ ಎಂದೂ ಅವರೇ ಹೇಳಿದರು. ನಮ್ಮಲ್ಲೂ ಈ ಪ್ರಶ್ನೆ ಹೊಸದಾಗಿರಲಿಲ್ಲ. 1906ರ ಜನವರಿ 1ರಿಂದ ಭಾರತೀಯ ಸಮಯ ಜಾರಿಗೆ ಬಂದರೂ ಮುಂಬಯಿ ಅದಕ್ಕಿಂತ 39 ನಿಮಿಷ ಹಿಂದಿದ್ದ ತನ್ನದೇ ಸಮಯವನ್ನು 1955ರವರೆಗೂ ಬಿಟ್ಟುಕೊಡಲಿಲ್ಲ. ಆ ಕಾಲದಲ್ಲಿ ಮುಂಬಯಿಯಲ್ಲಿ ಯಾರಾದರೂ ಹೊತ್ತು ಹೇಳಿದರೆ ಯಾವ ಸಮಯ ಎಂದು ಕೇಳಲೇಬೇಕಿತ್ತು. ಒಂದೇ ಸಮಯ ದೇಶಕ್ಕೆಲ್ಲ ಸಾಕಾದ ಸುಖದಲ್ಲಿ ನಾವು ಆ ಅಭ್ಯಾಸವನ್ನು ಮರೆತಿದ್ದೇವೆ. ಐಎಸ್‌ಟಿ ಎಂದು ಬರೆದರೆ ಜಗತ್ತಿಗೆಲ್ಲ ತಿಳಿಯುತ್ತದೆ ಎಂದುಕೊಳ್ಳುತ್ತೇವೆ; ಇಸ್ರೇಲಿನವರೂ ಐರ್ಲೆಂಡಿನವರೂ ತಮ್ಮ ಸಮಯಕ್ಕೆ ಅದೇ ಮೂರು ಅಕ್ಷರ ಬಳಸುತ್ತಾರೆ. ಸಿಎಸ್‌ಟಿ ಎಂದರೆ ಚೀನಾದ ಸಮಯವೂ ಹೌದು.

ದಿನಾಂಕದ ವಿಷಯದಲ್ಲಿ ಮಾತ್ರ ನಾವು ಊರಿನಿಂದ ಕಲಿತದ್ದನ್ನು ಇಲ್ಲಿಯವರಿಗೆ ಕಲಿಸಬಹುದು ಎನಿಸುತ್ತದೆ. ಫೆಬ್ರವರಿಯಲ್ಲಿ ನಕ್ಷೆಗಳ ಪರಿಶೀಲನೆಗೆ 03/04 ಎಂದು ಷಿಕಾಗೊದಿಂದ ಒಂದು ಮೇಲ್ ಬಂದಿತ್ತು. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ, ಆದ್ದರಿಂದ ಅದು ಮಾರ್ಚ್ 4. ಬೆಳಗಾವಿಯವರೂ ಸ್ಟುಟ್‌ಗಾರ್ಟ್‌ನವರೂ ಏಪ್ರಿಲ್ 3 ಎಂದು ಓದಿಕೊಂಡರು. ಏಪ್ರಿಲ್ 3 ಗುಡ್ ಫ್ರೈಡೇ, ಇಲ್ಲಿ ರಜೆ. ಆಗುವುದಿಲ್ಲ ಎಂದು ನಮ್ಮವರೊಬ್ಬರು ಉತ್ತರ ಬರೆದದ್ದರಿಂದ ಗುಟ್ಟು ಹೊರಬಿತ್ತು. ರಜೆ ಅಡ್ಡ ಬರದಿದ್ದರೆ ಮಾರ್ಚ್ 4ರಂದು ಷಿಕಾಗೊದವರು ಒಬ್ಬರೇ ಕುಳಿತಿರುತ್ತಿದ್ದರು.

ಆಗ ನೆನಪಾದದ್ದು ನಮ್ಮ ಲಗ್ನಪತ್ರಿಕೆ. ಅರಿಶಿನ ಹಚ್ಚಿದ ಅಂಚಿನ ಆ ಕಾಗದದಲ್ಲಿ ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ಅದರ ಪಕ್ಕದಲ್ಲಿ ದಿನಾಂಕ, ಕೆಳಗೆ ಮುಹೂರ್ತದ ಆರಂಭ ಮತ್ತು ಅಂತ್ಯ, ಎಲ್ಲವೂ ಇರುತ್ತವೆ. ಇಷ್ಟೊಂದು ಏಕೆ ಎಂದು ಚಿಕ್ಕಂದಿನಲ್ಲಿ ಅಜ್ಜನನ್ನು ಕೇಳಿದ್ದೆ. ಅಜ್ಜ ಉತ್ತರ ಕೊಡದೆ ಪಂಚಾಂಗ ತೆಗೆದು, ತಿಥಿಗೂ ವಾರಕ್ಕೂ ತಾಳೆಯಾಗದ ಒಂದು ಪತ್ರಿಕೆಯನ್ನು ತೋರಿಸಿ, ಅಚ್ಚಿನವನು ತಪ್ಪು ಮಾಡಿದ್ದಾನೆ, ಹೋಗಿ ಕೇಳಿ ಬಾ ಎಂದು ಆ ಮನೆಗೆ ಅಟ್ಟಿದ್ದರು. ಒಂದೇ ದಿನವನ್ನು ಎರಡು ಬಗೆಯಲ್ಲಿ ಹೇಳಿದರೆ ಅವು ಹೊಂದದಿದ್ದಾಗ ಓದುವವನು ತಾನೇ ಎಚ್ಚರಗೊಳ್ಳುತ್ತಾನೆ. ಮೇಲ್‌ನಲ್ಲಿ ವಾರದ ಹೆಸರು ಮಾಡುವ ಕೆಲಸವೂ ಇದೇ. 03/04ರ ಬದಲು ಬುಧವಾರ, 4 ಮಾರ್ಚ್ 2026 ಎಂದು, ತಿಂಗಳನ್ನು ಅಕ್ಷರದಲ್ಲಿ ಬರೆದಿದ್ದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಕಡತಗಳ ಹೆಸರಿಗೆ 2026-03-04 ಎಂಬ ಕ್ರಮ ಒಳ್ಳೆಯದು, ಅವು ತಾವಾಗಿ ಸಾಲಾಗಿ ನಿಲ್ಲುತ್ತವೆ. ಆದರೆ ಮನುಷ್ಯರು ಅವಸರದಲ್ಲಿ ಓದುವ ಮೇಲ್‌ಗೆ ತಿಂಗಳ ಹೆಸರೇ ವಾಸಿ.

ನಮ್ಮವರು ಎಡವುವುದು ರಾತ್ರಿಯ ವಿಷಯದಲ್ಲಿ. ಬೆಳಗಾದ ಮೇಲಷ್ಟೇ ನಮಗೆ ಹೊಸ ದಿನ. ಗುರುವಾರ ರಾತ್ರಿ ಒಂದು ಗಂಟೆ ಎಂದು ನಾವು ಹೇಳುವ ಹೊತ್ತು ಇಲ್ಲಿಯವರ ಲೆಕ್ಕದಲ್ಲಿ ಶುಕ್ರವಾರ 01:00. ವಿಮಾನ ನಿಲ್ದಾಣಕ್ಕೆ ನೆಂಟರನ್ನು ಕರೆತರಲು ಒಂದು ದಿನ ತಡವಾಗಿ ಹೋದವರ ಕಥೆ ಪ್ರತಿ ಮನೆಯಲ್ಲೂ ಇರುತ್ತದೆ. ಗಡುವು ಹೇಳುವಾಗ ರಾತ್ರಿ 12 ಎಂದು ಬರೆಯುವುದಕ್ಕಿಂತ ಗುರುವಾರ 23:59 ಎಂದು ಬರೆದರೆ ಆ ರಾತ್ರಿ ಯಾವ ದಿನಕ್ಕೆ ಸೇರಿದ್ದು ಎಂಬ ಜಗಳ ಬರುವುದಿಲ್ಲ.

ಇನ್ನೊಂದು ಸಣ್ಣ ಚುಕ್ಕೆಯ ತೊಂದರೆ. ಪರೀಕ್ಷೆಗೆ 1.30 ಗಂಟೆ ಬೇಕು ಎಂದು ಬೆಳಗಾವಿಯಿಂದ ಬರೆದಿದ್ದರು. ನಮ್ಮ ಕಣ್ಣಿಗೆ ಅದು ಒಂದೂವರೆ ಗಂಟೆ. ಇಲ್ಲಿಯ ಎಂಜಿನಿಯರ್ ಅದನ್ನು ದಶಮಾಂಶವೆಂದು ತಿಳಿದು 78 ನಿಮಿಷ ಕಾದಿರಿಸಿದರು. ಕೊನೆಯ ಹನ್ನೆರಡು ನಿಮಿಷಕ್ಕೆ ಯಂತ್ರ ಬೇರೆಯವರ ಪಾಲಾಯಿತು. ಈಗ ಅವಧಿಯನ್ನು 90 ನಿಮಿಷ ಎಂದೇ ಬರೆಯುತ್ತೇವೆ. ಜರ್ಮನರ 2.500 ಕಿಲೊ ಎಂದರೆ ಎರಡೂವರೆ ಸಾವಿರ, ನಮ್ಮ ಕಣ್ಣಿಗೆ ಎರಡೂವರೆ. ಅದನ್ನೂ ಚುಕ್ಕೆ, ಅಲ್ಪವಿರಾಮ ಎರಡೂ ಇಲ್ಲದೆ 2500 ಎಂದು ಬರೆಯುವುದಾಗಿ ಮೂರೂ ಕಡೆಯವರು ಒಪ್ಪಿದ್ದಾರೆ.

ಆ ಗುರುವಾರದ ಸಭೆಯನ್ನು ಈಗಿನ ನಮ್ಮ ಪದ್ಧತಿಯಲ್ಲಿ ತಿಳಿಸಿದ್ದರೆ ಮೇಲ್ ಹೀಗಿರುತ್ತಿತ್ತು:

```
Thursday, 12 March 2026
07:30 Chicago (UTC-5)
13:30 Stuttgart (UTC+1)
18:00 Belagavi (UTC+5:30)
Duration: 45 minutes
Fixed to Chicago time
```

ಕೊನೆಯ ಸಾಲನ್ನು ಸೇರಿಸಲು ಷಿಕಾಗೊದವರು ಸ್ವಲ್ಪ ಹಿಂದುಮುಂದು ನೋಡಿದರು, ಅದು ತಮ್ಮದೇ ನಡೆಯಬೇಕು ಎಂಬಂತೆ ಕಾಣುತ್ತದೆ ಎಂದು. ಇದ್ದದ್ದನ್ನು ಬರೆಯುವುದರಲ್ಲಿ ಸಂಕೋಚವೇಕೆ ಎಂದು ನಾನು ಉತ್ತರಿಸಿದೆ.

ಇನ್ನು ಅಕ್ಟೋಬರ್ ಬರುತ್ತದೆ. ಯುರೋಪಿನ ಗಡಿಯಾರ 25ರಂದು ಹಿಂದಕ್ಕೆ ಸರಿಯುತ್ತದೆ, ಅಮೆರಿಕದ್ದು ಒಂದು ವಾರ ಕಳೆದು, ನವೆಂಬರ್ 1ರಂದು. ನಡುವಿನ ಗುರುವಾರ, ಅಕ್ಟೋಬರ್ 29, ಸ್ಟುಟ್‌ಗಾರ್ಟ್‌ನವರು ಮತ್ತೆ 13:30ಕ್ಕೆ ಕೂರಬೇಕು. ಬೆಳಗಾವಿಯವರಿಗೆ ಅಂದು ಆರು ಗಂಟೆಯೇ, ಅದರ ಮುಂದಿನ ಗುರುವಾರದಿಂದ ಏಳು. ಇದನ್ನು ತಿಳಿಸಲು ಫೌಂಡ್ರಿಗೆ ಕರೆ ಮಾಡಿದಾಗ ಮೇಲ್ವಿಚಾರಕರು ಆಗಲೇ ಫಲಕದ ಮೇಲೆ ಬರೆಸಿದ್ದರು. “ನೆನಪಿಡೂದು ಸುಲಭ ಐತ್ರಿ ಮೇಡಂ, ರಾಜ್ಯೋತ್ಸವದ ದಿನಾನೇ ಷಿಕಾಗೊದವ್ರು ಗಡಿಯಾರ ತಿರುಗಿಸ್ತಾರ” ಎಂದರು.