ಕೇಳಬೇಡಿ, ಸುಮ್ನೆ ಹೇಳಿ

"ಕೋ ದೀ ದೌ ಆ?" ಈ ನಾಲ್ಕು ಪದ ಈ ವಾರವಿಡೀ ನನ್ನ ನಾಲಿಗೆಯ ಮೇಲೇ ಇವೆ. ಅರ್ಥ ಸುಲಭ, "ಎಲ್ಲಿಗೆ ಹೊರಟ್ರಿ ಮೇಡಂ?" ಅಂತ. ನನಗೆ ವಿಯೆಟ್ನಾಮೀಸ್ ಹೇಳಿಕೊಡುವವರು ಹನೋಯ್‌ನಿಂದ ಪುಣೆಗೆ ಪಾಲಿ ಓದಲು ಬಂದಿರುವ ಬೌದ್ಧ ಸನ್ಯಾಸಿನಿ. ಅವರನ್ನು "ಕೋ" ಅನ್ನಬೇಕು. ಟೀಚರಿಗೂ ಅದೇ ಪದ.

ಮಂಗಳವಾರ ಪಾಠ ಮುಗಿಸಿ ಅವರು ಚೀಲ ಎತ್ತಿಕೊಂಡಾಗ ಇದನ್ನೇ ಕೇಳಿದೆ. ಅವರು ನಿಂತು, "ಕೇಳಬೇಡಿ, ಸುಮ್ನೆ ಹೇಳಿ" ಅಂದರು. ಪ್ರಶ್ನೆಯನ್ನು ಕೇಳದೆ ಹೇಳುವುದು ಹೇಗೆ? ಮತ್ತೆ ಅಂದೆ. ಮತ್ತೆ ಅದೇ ಮಾತು, "ಕೇಳಬೇಡಿ, ಸುಮ್ನೆ ಹೇಳಿ."

ಅವರು ಹೇಳಿದ್ದು ಮನೆಗೆ ಬಂದು ಯೋಚಿಸಿದಾಗ ಅರ್ಥವಾಯಿತು. ವಿಯೆಟ್ನಾಮೀಸ್‌ನಲ್ಲಿ ಆರು ಸ್ವರಗಳಿವೆ, ಅಂದರೆ ದನಿಯ ಏರಿಳಿತದ ಆರು ಬಗೆ. ಬಿಡಿ ಪದ ಕೊಟ್ಟರೆ ಆರನ್ನೂ ಈಗ ಸುಮಾರಾಗಿ ಹೇಳಬಲ್ಲೆ. ಆದರೆ ವಾಕ್ಯಕ್ಕೆ ಬಂದ ಕೂಡಲೇ ನನ್ನೊಳಗಿನ ಕನ್ನಡದ ರಾಗ ಎದ್ದು ಬರುತ್ತದೆ. ಕೋ, ದೀ, ದೌ ಮೂರೂ "ಙಾಂಗ್", ಅಂದರೆ ಏರದೆ ಇಳಿಯದೆ ಸಮವಾಗಿ ಸಾಗುವ ಸ್ವರ. ನಾನು ಪ್ರಶ್ನೆ ಅಂದುಕೊಂಡು ಕೊನೆಗೆ ದನಿ ಏರಿಸುತ್ತೇನೆ. ದೌ ಏರಿದರೆ "ಸಾಕ್" ಸ್ವರವಾಗಿ, "ಎಲ್ಲಿ" ಅನ್ನುವ ಪದ ಹೋಗಿ "ಸೆಣಸು" ಅಂತಾಗುತ್ತದೆ. ಇಳಿಸಿದರೆ "ಹುಯೆನ್", ಆಗ ಅದು "ತಲೆ". ಪ್ರಶ್ನೆ ಅನ್ನುವುದನ್ನು ದೌ ಪದವೇ ತಿಳಿಸುವುದರಿಂದ ದನಿಗೆ ಅಲ್ಲಿ ಬೇರೆ ಕೆಲಸವಿಲ್ಲ.

ಇನ್ನೂ ಕಷ್ಟವಾದದ್ದು ಕೊನೆಯ "ಆ". ಅದು ಗೌರವಕ್ಕೆ ಸೇರಿಸುವುದು, ನಮ್ಮ "ರೀ" ಇದ್ದ ಹಾಗೆ. ಅದರ ಸ್ವರ "ನಾಂಗ್": ದನಿ ಕೆಳಗಿಳಿದು, ಗಂಟಲು ಮುಚ್ಚಿ, ಗಕ್ಕನೆ ನಿಲ್ಲಬೇಕು. ಆದರೆ ಕನ್ನಡದವರಿಗೆ ವಾಕ್ಯದ ಕೊನೆಯ ಆ ಅಂದರೆ ಏನು? "ಬಂದ್ರಾ?" "ಆಯ್ತಾ?" ಹುಟ್ಟಿದಾಗಿನಿಂದ ಎಳೆದು, ಏರಿಸಿ ಬಳಸಿದ ಆ. ಅದೇ ಜಾಗ, ಅದೇ ಅಕ್ಷರ, ರಾಗ ಮಾತ್ರ ಉಲ್ಟಾ. ಏರಿಸಿದರೆ ಅದು ಬೆರಗಿನ ಉದ್ಗಾರದಂತೆ ಕೇಳುತ್ತದೆ, ಗೌರವ ಹೋಗಿಬಿಡುತ್ತದೆ.

ಬುಧವಾರ ರಾತ್ರಿ ಅವರ ದನಿಯನ್ನೂ ನನ್ನದನ್ನೂ Praat ಎಂಬ ಉಚಿತ ತಂತ್ರಾಂಶಕ್ಕೆ ಹಾಕಿದೆ. ದನಿಯ ಎತ್ತರವನ್ನು ಅದು ಗೆರೆಯಾಗಿ ತೋರಿಸುತ್ತದೆ. ಅವರ ಮೊದಲ ಮೂರು ಪದಗಳ ಗೆರೆ ಹೆಚ್ಚುಕಮ್ಮಿ ಮಟ್ಟಸವಾಗಿತ್ತು. "ಆ" ಬಂದ ಕಡೆ ಸ್ವಲ್ಪ ಕೆಳಗಿಳಿದು ಕಾಣೆಯಾಗಿತ್ತು. ರೆಕಾರ್ಡಿಂಗ್ ಕೆಟ್ಟಿರಬೇಕು ಅನ್ನಿಸಿತು, ಆದರೆ ಹಾಗಲ್ಲ. ಗಂಟಲು ಬಿಗಿದು ದನಿ ಒಡೆದಾಗ ಅಳೆಯಲು ನಿಯತವಾದ ಕಂಪನ ಇರುವುದಿಲ್ಲ, ಹಾಗಾಗಿ ಗೆರೆ ತಪ್ಪಿಹೋಗುತ್ತದೆ. ನನ್ನ ಗೆರೆ ದೌ ಮೇಲೆ ಏರಲು ಶುರುವಾಗಿ, "ಆ" ಮೇಲೆ ಇನ್ನೂ ಏರಿ, ಉದ್ದಕ್ಕೆ ಸಾಗಿತ್ತು. ಅಲ್ಲಿ ನನಗೆ ಕಂಡದ್ದು "ಹೊರಟ್ರಾ?"

ಅಂದಿನಿಂದ ಎರಡು ತುಂಡು ಮಾಡಿ ಅಭ್ಯಾಸ ಮಾಡುತ್ತಿದ್ದೇನೆ. ಮೊದಲು ಬಾಯಿ ಮುಚ್ಚಿ ಮೂರು ಪದಗಳನ್ನು ಒಂದೇ ಶ್ರುತಿಯಲ್ಲಿ ಗುನುಗುವುದು. ಆಮೇಲೆ "ಆ" ಒಂದನ್ನೇ ಹೇಳುವುದು. ಬೇಡ ಅನ್ನಲು "ಉಂಹುಂ" ಅನ್ನುತ್ತೇವಲ್ಲ, ಅದನ್ನು ಬಿಗಿಯಾಗಿ ಹೇಳಿದರೆ ನಡುವೆ ಗಂಟಲು ಒಮ್ಮೆ ಮುಚ್ಚುತ್ತದೆ. "ಆ" ನಿಲ್ಲಬೇಕಾದ್ದು ಅಲ್ಲಿ. ಇದು ಹನೋಯ್ ಕಡೆಯ ಉಚ್ಚಾರಣೆ. ಸೈಗಾನ್ ಕಡೆ ನಾಂಗ್‌ಗೆ ಗಂಟಲು ಹೀಗೆ ಮುಚ್ಚುವುದಿಲ್ಲ, ಅಲ್ಲಿ "ಹೋಯ್", "ಙಾ" ಎಂಬ ಇನ್ನೆರಡು ಸ್ವರಗಳೂ ಒಂದಾಗಿ ಐದೇ ಉಳಿಯುತ್ತವೆ.

ನಮ್ಮ ಭಾವ, "ಅಷ್ಟೆಲ್ಲ ಯಾಕೆ, ಸಂದರ್ಭ ನೋಡಿ ಅರ್ಥ ಮಾಡ್ಕೋತಾರೆ" ಅನ್ನುತ್ತಾರೆ. ಇಪ್ಪತ್ತು ವರ್ಷ ಪುಣೆಯಲ್ಲಿದ್ದು ಮರಾಠಿಯನ್ನೂ ಹೀಗೇ ದಾಟಿಸಿದವರು ಅವರು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಅರ್ಥ ಮಾಡಿಕೊಳ್ಳುವ ಭಾರವನ್ನೆಲ್ಲ ಎದುರಿನವರ ಮೇಲೆ ಹಾಕುವುದು ಸರಿಯಾ? ಕೋ ಅವರು ನಕ್ಕು ಬಿಟ್ಟುಬಿಡದೆ, ಪ್ರತಿ ಸಲ ತಡೆದು ನಿಲ್ಲಿಸುವುದಕ್ಕೇ ನನಗೆ ಅವರ ಮೇಲೆ ಇಷ್ಟೊಂದು ಗೌರವ.

ನಿನ್ನೆ ಧಾರವಾಡದಿಂದ ಅವ್ವ ಫೋನ್ ಮಾಡಿ "ಊಟ ಆಯ್ತಾ?" ಅಂದಳು. ಆ "ತಾ" ಎಳೆದ ರೀತಿಯಲ್ಲೇ ಅವಳಿಗೆ ಮಂಡಿ ನೋವು ಜಾಸ್ತಿಯಾಗಿದೆ ಅಂತ ಗೊತ್ತಾಯಿತು. ನಾವು ಬೇಸರ, ಅಕ್ಕರೆ, ಅನುಮಾನ ಎಲ್ಲವನ್ನೂ ಆ ಎಳೆತದಲ್ಲಿ ಇಡುತ್ತೇವೆ. ವಿಯೆಟ್ನಾಮಿನವರಿಗೆ ದನಿಯ ಏರಿಳಿತವೇ ಪದದ ಒಂದು ಭಾಗ. ಅದಕ್ಕೇ ಗೌರವಕ್ಕೆ, ಅಚ್ಚರಿಗೆ, ಒತ್ತಾಯಕ್ಕೆ ವಾಕ್ಯದ ತುದಿಯಲ್ಲಿ ಪುಟ್ಟ ಪದಗಳಿವೆ. ನನ್ನ ವಿನಯವನ್ನು ದನಿಯಿಂದ ತೆಗೆದು ಆ ಒಂದು ಮೊಟಕು "ಆ"ದೊಳಗೆ ಇಡಬೇಕು. ಮೊದಮೊದಲು ಒರಟಾಗಿ ಮಾತಾಡಿದ ಹಾಗೆ ಅನ್ನಿಸುತ್ತಿತ್ತು. ಇವತ್ತು ಬೆಳಗ್ಗೆ ಹೊರಡುವಾಗ ಹಾಗೇ ಅಂದೆ, ರಾಗವಿಲ್ಲದೆ. ಕೋ ತಿದ್ದಲಿಲ್ಲ. ಗ್ರಂಥಾಲಯಕ್ಕೆ ಹೋಗ್ತಿದ್ದೀನಿ ಅಂತ ವಿಯೆಟ್ನಾಮೀಸ್‌ನಲ್ಲೇ ಉತ್ತರ ಕೊಟ್ಟು ಮೆಟ್ಟಿಲಿಳಿದರು.